ಬೋರ್ಡ್ ಮೇಲೆ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು

1/3 👇
ದೋಸ್ತರೇ, ಮೊದಲು ಊರ ಹೆಸರೇ ನೋಡ್ರಿ. ಕನ್ನಡದಾಗ ಸುರಪುರ. ಇಂಗ್ಲಿಷ್‌ನಲ್ಲಿ ಒಂದು ಕಡೆ Surpur, ಇನ್ನೊಂದು ಕಡೆ Shorapur. ಊರಿಗೇ ಹಿಂಗಾದ್ರ ಕಂಪನಿಗಳ ಕಥಿ ಏನು?

ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಕರೆಂಟ್ ಕೊಡೋದು ಒಂದೇ ಕಂಪನಿ. ಪೇಪರ್‌ನಲ್ಲಿ ಅದು ಜೆಸ್ಕಾಂ. ಕೆಲವರು ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿ ನಿಯಮಿತ ಅಂತ ಬರೀತಾರೆ, ಇನ್ನು ಕೆಲವರು ಗುಲ್ಬರ್ಗಾ ಅಂತ, ಕಂಪೆನಿ ಅಂತ. ನೋಂದಣಿಯಾದ ಹೆಸರು ಮಾತ್ರ Gulbarga Electricity Supply Company Limited.

ಇದರಾಗ ಮೂರು ಕೆಲಸ ಒಟ್ಟಿಗೆ ನಡೆದಾವ. ಒಂದು, ಇಂಗ್ಲಿಷ್ ಅಕ್ಷರದಿಂದ ಉಚ್ಚಾರ ಖಚಿತ ಆಗಲ್ಲ, ಹಂಗಾಗಿ ಒಬ್ಬೊಬ್ಬರ ಕಿವಿಗೆ ಒಂದೊಂದು ಕಾಗುಣಿತ. ಎರಡು, ಕೆಲವು ಪದಗಳನ್ನು ಹಾಗೇ ಇಟ್ಟು ಕೆಲವನ್ನು ಅನುವಾದ ಮಾಡ್ತೀವಿ: ಸಪ್ಲೈ ಹೋಗಿ ಸರಬರಾಜು ಆಯ್ತು, ಕಂಪನಿ ಉಳೀತು. ಮೂರು, 2014ರ ನವೆಂಬರ್ 1ರಂದು ಊರು ಕಲಬುರಗಿ ಆಯ್ತು. ಊರ ಹೆಸರು ಬದಲಾದ್ರ ಕಂಪನಿ ಹೆಸರು ತಾನಾಗೇ ಬದಲಾಗಲ್ಲ. Kalaburagi ಅಂತ ಟೈಪ್ ಮಾಡಿ ಹುಡುಕಿದ್ರ ಸಿಗದೇ ಇರೋದು ಅದಕ್ಕೇ.

2/3 👇
ಇದು ನಮಗ್ಯಾಕೆ ಬೇಕು? ನಾಳೆ ಯಾವುದಾದ್ರೂ ಅಂಗಡಿ ಲೆಕ್ಕ ಬರೆಯೋಕೆ ಕೂತಾಗ ಒಂದೇ ಕಂಪನಿಗೆ ಮೂರು ಲೆಡ್ಜರ್ ತೆರೆದ್ರ, ವರ್ಷದ ಕೊನೆಗೆ ಯಾರಿಗೆ ಎಷ್ಟು ಕೊಟ್ಟೀವಿ ಅನ್ನೋದೇ ತಿಳಿಯಲ್ಲ. ಇದರ ಉಲ್ಟಾ ತಪ್ಪು ಇನ್ನೂ ದೊಡ್ಡದು. ಮುತ್ತೂಟ್, ಮುತ್ತೂಟ, ಮುಥೂಟ್ ಹೆಂಗ ಬರೆದ್ರೂ ನಡೀತದ. ಆದ್ರ ಮುತ್ತೂಟ್ ಫೈನಾನ್ಸ್ ಬೇರೆ ಕಂಪನಿ, ಮುತ್ತೂಟ್ ಫಿನ್‌ಕಾರ್ಪ್ ಬೇರೆ ಕಂಪನಿ. ಬರೀ ‘ಮುತ್ತೂಟ್’ ಅಂತ ಬರೆದು ಬಿಟ್ರ, ಬಂಗಾರ ಯಾರ ಹತ್ರ ಅಡವಿಟ್ಟೀವಿ ಅನ್ನೋದೇ ಗೊತ್ತಾಗಲ್ಲ.

ಹಂಗಾದ್ರ ಹೊಂದಿಸೋದು ಹೆಂಗ? ಹೆಸರಿಂದ ಶುರು ಮಾಡಬ್ಯಾಡ್ರಿ, ನಂಬರಿಂದ ಶುರು ಮಾಡ್ರಿ. ಕಂಪನಿ ಬಿಲ್ ಅಥವಾ ಲೆಟರ್‌ಹೆಡ್ ಮೇಲೆ CIN ಇರಲೇಬೇಕು. ಅದು 21 ಅಕ್ಷರ-ಅಂಕಿಗಳ ನಂಬರ್. ಇನ್ಫೋಸಿಸ್‌ದು ನೋಡ್ರಿ:

```
L85110KA1981PLC013115
```

L ಅಂದ್ರ ಷೇರುಪೇಟೆಯಲ್ಲಿ ಲಿಸ್ಟ್ ಆಗಿದೆ, ಆಗದಿದ್ರ U. ಮುಂದಿನ 5 ಅಂಕಿ ಉದ್ಯಮದ್ದು, KA ಕರ್ನಾಟಕ, 1981 ನೋಂದಣಿ ವರ್ಷ, PLC ಪಬ್ಲಿಕ್ ಲಿಮಿಟೆಡ್, ಕೊನೆಯ 6 ಅಂಕಿ ನೋಂದಣಿ ಸಂಖ್ಯೆ. 2011ರಲ್ಲಿ ಈ ಕಂಪನಿ ತನ್ನ ಹೆಸರಿಂದ ‘ಟೆಕ್ನಾಲಜೀಸ್’ ತೆಗೀತು, ಆ 6 ಅಂಕಿ ಮಾತ್ರ ಹಾಗೇ ಉಳಿದ್ವು. ಈ ನಂಬರನ್ನು mca.gov.in ನಲ್ಲಿ ಹಾಕಿದ್ರ ನೋಂದಾಯಿತ ಹೆಸರು, ವಿಳಾಸ ಬರ್ತದ.

CIN ಕಾಣಲಿಲ್ಲಾ? GSTIN ನೋಡ್ರಿ. ಅದರ 3ರಿಂದ 12ನೇ ಅಕ್ಷರದವರೆಗೆ ಇರೋದು ಪ್ಯಾನ್ ನಂಬರ್. ಎರಡು ಬಿಲ್‌ನಲ್ಲಿ ಪ್ಯಾನ್ ಒಂದೇ ಇದ್ರ, ಕನ್ನಡ ಹೆಸರು ಹೆಂಗೇ ಇರಲಿ, ಮಾಲೀಕ ಒಬ್ಬನೇ. 6ನೇ ಅಕ್ಷರ C ಇದ್ರ ಅದು ಕಂಪನಿ, P ಇದ್ರ ಒಬ್ಬ ವ್ಯಕ್ತಿಯ ವ್ಯಾಪಾರ.

3/3 👇
ಒಂದು ಎಚ್ಚರಿಕೆ. ‘ನಿಯಮಿತ’ ಅಂತ ಇದ್ದ ಮಾತ್ರಕ್ಕೆ ಕಂಪನಿ ಅಲ್ಲ. ‘ಪತ್ತಿನ ಸಹಕಾರ ಸಂಘ ನಿಯಮಿತ’ ಅನ್ನೋದು 1959ರ ಸಹಕಾರ ಸಂಘಗಳ ಕಾಯ್ದೆಯಡಿ ಬರ್ತದ, ಸೌಹಾರ್ದ ಸಹಕಾರಿಗಳು 1997ರ ಬೇರೆ ಕಾಯ್ದೆಯಡಿ. ಇವು ಕಂಪನಿ ಪಟ್ಟಿಯಲ್ಲಿ ಸಿಗಲ್ಲ. ಸಿಗಲಿಲ್ಲ ಅಂತ ನಕಲಿ ಅನ್ನಬ್ಯಾಡ್ರಿ, ಸಹಕಾರ ಇಲಾಖೆಯಲ್ಲಿ ವಿಚಾರಿಸ್ರಿ.

ಈಗ ನನ್ನ ಮಾತು. ‘ಗೊಂದಲ ಯಾಕೆ, ಎಲ್ಲಾ ಇಂಗ್ಲಿಷ್‌ನಲ್ಲೇ ಇರಲಿ’ ಅನ್ನೋರು ನಮ್ಮ ಕ್ಲಾಸಿನಲ್ಲೂ ಇದ್ದಾರೆ. ನಾನು ಒಪ್ಪಲ್ಲ. ಕಂಪನಿ ಕಾಯ್ದೆ 2013ರ 12ನೇ ಸೆಕ್ಷನ್ ಪ್ರಕಾರ ಕಚೇರಿ ಹೊರಗಿನ ಹೆಸರು ಆ ಊರಿನ ಬಳಕೆ ಭಾಷೆಯ ಅಕ್ಷರಗಳಲ್ಲೂ ಇರಬೇಕು. ಅಕ್ಷರ ಅಂತ ಹೇಳ್ತದ, ಅನುವಾದ ಅಂತ ಅಲ್ಲ. ಹಣ ಇಡೋಕೆ, ಬಂಗಾರ ಅಡವಿಡೋಕೆ ಬರೋ ಎಷ್ಟೋ ಮಂದಿ ಓದೋದು ಕನ್ನಡ ಬೋರ್ಡನ್ನೇ.

ಆದ್ರ CIN ಇರಬೇಕಾದದ್ದು ಬಿಲ್ ಮೇಲೆ, ಕನ್ನಡ ಹೆಸರು ಇರೋದು ಬೋರ್ಡ್ ಮೇಲೆ. ಎರಡನ್ನೂ ಜೋಡಿಸೋ ಕಾಗದ ನಮ್ಮ ಕೈಗೆ ಬರೋದೇ ಇಲ್ಲ. ನನ್ನ ಪ್ರಕಾರ ಪ್ರತಿ ಕಂಪನಿ ತನ್ನ ಕನ್ನಡ ಕಾಗುಣಿತ ಒಂದನ್ನೇ ಗಟ್ಟಿ ಮಾಡಿ, ಬಿಲ್‌ನಲ್ಲಿ CIN ಪಕ್ಕ ಅದನ್ನೇ ಅಚ್ಚು ಹಾಕಬೇಕು. ಒಂದು ಸಾಲಿನ ಖರ್ಚು ಅಷ್ಟೇ.

ಇವತ್ತು ಮನೆಯಲ್ಲಿರೋ ಒಂದು ಬಿಲ್ ತೆಗೆದು CIN ಹುಡುಕ್ರಿ. ಬೋರ್ಡ್‌ನಲ್ಲಿ ಏನಿತ್ತು, ದಾಖಲೆಯಲ್ಲಿ ಏನು ಬಂತು, ಕಾಮೆಂಟ್‌ನಲ್ಲಿ ಬರೀರಿ.

#ಬಿಕಾಂ #ಯಾದಗಿರಿ #ಶಹಾಪುರ #ಸುರಪುರ