ಅಂಗೈಯೊಳಗಿನ ಲಿಂಗ, ತಲೆಯೊಳಗಿನ ಸೂತಕ

ನಮ್ಮ ಕಡೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ, ಕೊರಳಲ್ಲಿ ಲಿಂಗವಿರುವವರಿಗೇನೂ ಕೊರತೆಯಿಲ್ಲ. ಹಾಗಿದ್ದೂ ಹೊಸಬರು ಬಂದರೆ ಮೊದಲ ಪ್ರಶ್ನೆ, "ನೀವು ಯಾವ ಪೈಕಿ?" ಈ ಪ್ರಶ್ನೆ ಕೇಳುವ ಬಾಯಿಗೂ ಕೊರಳ ಲಿಂಗಕ್ಕೂ ನಂಟೇ ಇಲ್ಲ ಎಂಬುದು ನನ್ನ ತಕರಾರು.

ಇಷ್ಟಲಿಂಗದ ಪೂಜೆಯನ್ನೇ ನೋಡಿ. ಕರಡಿಗೆಯಿಂದ ತೆಗೆದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಧರಿಸಿ, ಹೂ ಪತ್ರೆ ಏರಿಸಿ, ಕಂತಿಯ ಕಪ್ಪು ಹೊಳಪಿನಲ್ಲಿ ದೃಷ್ಟಿ ನಿಲ್ಲಿಸಬೇಕು. ಇಲ್ಲಿ ಪೂಜಾರಿಯಿಲ್ಲ, ಹೊಸ್ತಿಲಿಲ್ಲ. ಒಳಗೆ ಬರುವವರು ಹೊರಗೆ ನಿಲ್ಲುವವರು ಎಂಬ ಭೇದ ಹುಟ್ಟುವುದೇ ಹೊಸ್ತಿಲಿನಿಂದ. ದೇವರು ಅಂಗೈಗೆ ಬಂದ ಮೇಲೆ ಮೈಲಿಗೆ ಮಾಡಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಒಟ್ಟಿಗೇ ತಳ್ಳಿಹಾಕಿದರು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಕೊಟ್ಟದ್ದು ಈ ಮಾತಿನ ಪರೀಕ್ಷೆಯಾಗಿತ್ತು. ಅದಕ್ಕೆ ಅವರಿಬ್ಬರೂ ಪ್ರಾಣವನ್ನೇ ತೆತ್ತರೆಂದು ಪರಂಪರೆ ಹೇಳುತ್ತದೆ.

ಈಗ ಆಗಿರುವುದೇನು? ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಲಿಂಗ ಕಟ್ಟುತ್ತೇವೆ. ಗಂಡು ಹೆಣ್ಣೆನ್ನದೆ ಕಟ್ಟುವುದು ದೊಡ್ಡ ಮಾತೇ, ಒಪ್ಪುತ್ತೇನೆ. ಆದರೆ ಯಾವ ಕೂಸಿಗೆ ಕಟ್ಟುವುದೆಂದು ತೀರ್ಮಾನಿಸುವುದು ತಂದೆಯ ಮನೆತನ. ಹುಟ್ಟನ್ನು ಅಳಿಸಬೇಕಾದ ಲಿಂಗ ಹುಟ್ಟಿನ ಗುರುತಾಯಿತು. ಮದುವೆ ಮಾತಿನಲ್ಲಂತೂ ಪಂಚಮಸಾಲಿ, ಬಣಜಿಗ, ಗಾಣಿಗ, ಜಂಗಮ ಎಂದು ಪೈಕಿ ಹುಡುಕದೆ ಮುಂದಿನ ಮಾತೇ ಇಲ್ಲ.

ಹೆಣ್ಣುಮಕ್ಕಳ ಪಾಡು ಇದೇ ಸೂತಕದ ಇನ್ನೊಂದು ಮುಖ. ಮುಟ್ಟಾದ ದಿನ ಲಿಂಗ ಮುಟ್ಟಬೇಡ ಎನ್ನುವ ಮನೆಗಳು ಇಂದಿಗೂ ಇವೆ. ಮೈಮೇಲಿನ ಲಿಂಗವೇ ಮೈಯನ್ನು ಶುದ್ಧವಾಗಿಸುತ್ತದೆ ಎನ್ನುವುದು ನಿಜವಾದರೆ ಆ ಮೂರು ದಿನ ಲಿಂಗಕ್ಕೆ ಶಕ್ತಿ ಕಡಿಮೆಯಾಗುತ್ತದೆಯೇ? ರಜಸ್ಸಿನ ಸೂತಕವನ್ನು ಒಳಗೆ ಬಿಟ್ಟುಕೊಂಡವರು ಜಾತಿಸೂತಕವನ್ನು ಹೊರಗಿಡಲಾರರು. ಎರಡಕ್ಕೂ ಒಂದೇ ಬಾಗಿಲು.

2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಆಂಜನೇಯನ ಗುಡಿಯೊಳಗೆ ಓಡಿತು. ಶುದ್ಧಿಗೆಂದು ಹೆತ್ತವರ ಮೇಲೆ ಸಾವಿರಾರು ರೂಪಾಯಿ ದಂಡ ಹೇರಿದರು. ಪೊಲೀಸರು ಬಂದು ಐವರನ್ನು ಬಂಧಿಸಿದರು. ದಂಡ ಹಾಕಿದವರ ಜಾತಿ ಹುಡುಕುವುದು ನನ್ನ ಕೆಲಸವಲ್ಲ. ನನ್ನ ಪ್ರಶ್ನೆ ಇಷ್ಟೆ: ಮಗುವಿನ ಕಾಲಿಗೆ ದೇವರು ಮೈಲಿಗೆಯಾಗುತ್ತಾನೆಂಬ ನಂಬಿಕೆಯನ್ನು ಎಂಟುನೂರು ವರ್ಷಗಳ ಹಿಂದೆಯೇ ಬಿಟ್ಟವರ ವಾರಸುದಾರರು ಇಷ್ಟು ಮಂದಿ ಇರುವ ಸೀಮೆಯಲ್ಲಿ, ಆ ನಂಬಿಕೆಗೆ ಇನ್ನೂ ನೆಲೆ ಸಿಕ್ಕಿದ್ದು ಹೇಗೆ?

ಅಂಗೈಯ ಲಿಂಗ ದಿಟವೋ ಒಡವೆಯೋ ತಿಳಿಯಲು ದೊಡ್ಡ ಶಾಸ್ತ್ರ ಬೇಡ. ಬೇರೆ ಕೇರಿಯವನು ಬಂದು ದೀಕ್ಷೆ ಕೇಳಿದರೆ ಅಪ್ಪನ ಹೆಸರು ಕೇಳದೆ ಕೊಡುತ್ತೀರಾ? ಕೊಟ್ಟ ಮೇಲೆ ಅವನ ಪಂಕ್ತಿಯಲ್ಲಿ ಉಣ್ಣುತ್ತೀರಾ? ಅವನ ಮಗನಿಗೆ ಮಗಳನ್ನು ಕೊಡುತ್ತೀರಾ? ಮೂರಕ್ಕೂ ಹೌದೆನ್ನುವವರು ಲಿಂಗವಂತರು. ಮೊದಲನೆಯದಕ್ಕೇ ತಡವರಿಸುವವರು ಕಟ್ಟಿಕೊಂಡಿರುವುದು ಬೆಳ್ಳಿಯ ಕರಡಿಗೆಯನ್ನು ಮಾತ್ರ.