ಕಾಗದಕ್ಕೆ ಒಂದೇ ಅರ್ಥವಿರಲಿ

ಗೋಕಾಕದ ಕರದಂಟನ್ನು ಸವಿದವರಿಗೆ ಅದರ ವರ್ಣನೆ ಬೇಕಾಗಿಲ್ಲ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಬೆಲ್ಲದ ಪಾಕ ಎಂದಿಷ್ಟು ಹೇಳಿದರೆ ಸಾಕು, ಉಳಿದುದನ್ನು ನಾಲಗೆಯೇ ನೆನಪಿಸಿಕೊಳ್ಳುತ್ತದೆ. ಆದರೆ ಅದನ್ನು ಕಣ್ಣಿಂದಲೂ ಕಾಣದ ಜರ್ಮನಿಯ ಅಂಗಡಿಕಾರನೊಬ್ಬನು, 'ಇದೇನು ತಿನಿಸು? ಎಷ್ಟು ಕಳುಹಿಸಬಲ್ಲಿರಿ?' ಎಂದು ಬರೆದು ಕೇಳಿದನೆಂದು ಭಾವಿಸೋಣ. ಉತ್ತರವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು. ಆ ಭಾಷೆಯಾದರೋ ಬರೆಯುವವನದೂ ಅಲ್ಲ, ಓದುವವನದೂ ಅಲ್ಲ. ತೊಡಕು ಹುಟ್ಟುವುದು ಇಲ್ಲಿಯೇ.

ನಮ್ಮ ವ್ಯಾಪಾರಿಯು ಇಂಗ್ಲಿಷ್ ಬಾರದವನಲ್ಲ. ಅವನ ಒಕ್ಕಣೆಯಲ್ಲಿ ವ್ಯಾಕರಣದ ದೋಷವೊಂದೂ ಇಲ್ಲ. 'ಕರದಂಟು ಶುದ್ಧ ಗಮ್, ಡ್ರೈ ಫ್ರೂಟ್ಸ್, ಘೀ ಮತ್ತು ಜಾಗರಿಯಿಂದ ತಯಾರಾಗುತ್ತದೆ. 1,500 ಕಿಲೋ ಸಿದ್ಧವಿದೆ. ಮುಂಗಡದ ವಿಷಯದಲ್ಲಿ ಡು ದ ನೀಡ್‌ಫುಲ್, ಮತ್ತು ರಿವರ್ಟ್ ಮಾಡಿರಿ' ಎಂಬುದು ಅದರ ಸಾರ. ಬೆಳಗಾವಿಯಲ್ಲಿಯೋ ಬೆಂಗಳೂರಿನಲ್ಲಿಯೋ ಈ ಕಾಗದವನ್ನು ಓದುವವನಿಗೆ ಒಂದು ಮಾತೂ ಅಡ್ಡವಾಗದು. ಜರ್ಮನಿಯಲ್ಲಿ ಓದುವವನಿಗೆ ಹೆಜ್ಜೆಹೆಜ್ಜೆಗೂ ಎಡವು.

ಮೊದಲು 'ಡ್ರೈ ಫ್ರೂಟ್ಸ್' ಎಂಬ ಮಾತನ್ನೇ ನೋಡೋಣ. ನಮ್ಮಲ್ಲಿ ಈ ಹೆಸರಿನೊಳಗೆ ದ್ರಾಕ್ಷಿ, ಉತ್ತತ್ತಿಗಳೊಡನೆ ಗೋಡಂಬಿ, ಬಾದಾಮಿಗಳೂ ಸೇರಿವೆ. ಯುರೋಪಿನಲ್ಲಿ ಅದರ ಅರ್ಥ ಒಣಗಿಸಿದ ಹಣ್ಣು ಎಂದಷ್ಟೆ. ಗೋಡಂಬಿ, ಬಾದಾಮಿಗಳು 'ನಟ್ಸ್' ಎಂಬ ಬೇರೆಯ ಪಂಗಡ. ಇದು ಬರಿಯ ಶಬ್ದಭೇದವಲ್ಲ. ಕೆಲವರ ಶರೀರಕ್ಕೆ ಈ ಬೀಜಗಳು ಒಗ್ಗುವುದಿಲ್ಲ. ಒಂದು ಚೂರು ಹೊಟ್ಟೆಗೆ ಹೋದರೂ ಉಸಿರು ಕಟ್ಟಿ ಪ್ರಾಣಕ್ಕೆ ಬರಬಹುದು. ಆದುದರಿಂದಲೇ ಯುರೋಪಿನ ಒಕ್ಕೂಟವು 2011ರಲ್ಲಿ ಮಾಡಿದ ಆಹಾರ ನಿಯಮವು 14 ಬಗೆಯ ಪದಾರ್ಥಗಳನ್ನು ಚೀಟಿಯ ಮೇಲೆ ಎದ್ದು ಕಾಣುವಂತೆ ಮುದ್ರಿಸಬೇಕೆಂದು ವಿಧಿಸಿದೆ. ಗೋಡಂಬಿ, ಬಾದಾಮಿ, ಹಾಲು ಇವೆಲ್ಲ ಆ ಪಟ್ಟಿಯಲ್ಲಿವೆ. 'ಡ್ರೈ ಫ್ರೂಟ್ಸ್' ಎಂಬುದನ್ನು ನಂಬಿ ಅಂಗಡಿಕಾರನು 'ಒಣಹಣ್ಣಿನ ಮಿಠಾಯಿ' ಎಂದು ಚೀಟಿ ಅಂಟಿಸಿದರೆ, ತಪ್ಪು ಯಾರದು? ಬರೆದವನು ಸುಳ್ಳಾಡಿಲ್ಲ; ಓದಿದವನು ತಪ್ಪು ಓದಿಲ್ಲ. ಆದರೂ ಅನರ್ಥವು ನಡೆದುಹೋಗುತ್ತದೆ.

'ಗಮ್' ಎಂಬುದರ ಗತಿಯೂ ಹೀಗೆಯೇ. ಇಂಗ್ಲಿಷಿನಲ್ಲಿ ಅದು ಕಾಗದ ಅಂಟಿಸುವ ಗೋಂದೂ ಆಗಬಹುದು, ಮಕ್ಕಳು ಜಗಿಯುವ ಮಿಠಾಯಿಯೂ ಆಗಬಹುದು. ಜರ್ಮನರಿಗೆ ಒಡನೆ ನೆನಪಾಗುವುದು ತಮ್ಮ 'ಗುಮ್ಮಿ', ಎಂದರೆ ರಬ್ಬರು! 'ಘೀ' ಎಂಬುದರಲ್ಲಿ ಹಾಲಿನ ಅಂಶವಿದೆಯೆಂದು ಬಲ್ಲವರು ಅಲ್ಲಿ ಎಷ್ಟು ಮಂದಿ? ಮೂಡಲಗಿಯ ಕಡೆಯ ಕಬ್ಬಿನಿಂದ ಕಾಸಿದ ಬೆಲ್ಲವನ್ನು 'ಜಾಗರಿ' ಎಂದರೆ ಅದು ಕಲ್ಲೋ ಮರವೋ ತಿಳಿಯದು. ಪರಿಹಾರ ಕಷ್ಟದ್ದಲ್ಲ. ಹೆಸರಿನ ಪಕ್ಕದಲ್ಲಿ ಆ ವಸ್ತು ಏನೆಂಬುದನ್ನು ಬಿಡಿಸಿ ಬರೆಯಬೇಕು: 'ತಿನ್ನಲು ಯೋಗ್ಯವಾದ ಮರದ ಅಂಟು', 'ಹಸುವಿನ ಹಾಲಿನ ಬೆಣ್ಣೆಯನ್ನು ಕಾಸಿದ ಕೊಬ್ಬು', 'ಕಬ್ಬಿನ ಹಾಲನ್ನು ಕುದಿಸಿ ಗಟ್ಟಿಮಾಡಿದ ಸಕ್ಕರೆ'. ಅಂಟು ಯಾವ ಮರದ್ದೆಂಬುದನ್ನೂ ಹೇಳಬೇಕು.

ಇನ್ನು ಅಂಕೆಯ ಮಾತು. ಜರ್ಮನರು ದಶಾಂಶಕ್ಕೆ ಅಲ್ಪವಿರಾಮವನ್ನೂ ಸಾವಿರಕ್ಕೆ ಚುಕ್ಕೆಯನ್ನೂ ಹಾಕುತ್ತಾರೆ. ಆದ್ದರಿಂದ ನಮ್ಮ '1,500 ಕಿಲೋ' ಅಲ್ಲಿ ಒಂದೂವರೆ ಕಿಲೋ ಆಗಿಬಿಡುತ್ತದೆ! ಅಲ್ಪವಿರಾಮವನ್ನು ಬಿಟ್ಟು 1500 ಎಂದು ಬರೆದು, ಪಕ್ಕದಲ್ಲಿ ಅಕ್ಷರದಲ್ಲಿಯೂ ಬರೆದರೆ ಸಂಶಯಕ್ಕೆ ಎಡೆಯಿಲ್ಲ. ಲಕ್ಷದ ಲೆಕ್ಕ ಅಲ್ಲಿಲ್ಲ. ಒಂದು ಲಕ್ಷವನ್ನು ನೂರು ಸಾವಿರವೆಂದೇ ಹೇಳತಕ್ಕದ್ದು.

ಕಾಲವಾಚಕಗಳಲ್ಲಿ ಒಂದು ವಿನೋದವಿದೆ. ಕನ್ನಡದಲ್ಲಿ '10ರೊಳಗೆ' ಬೇರೆ, '10ರವರೆಗೆ' ಬೇರೆ. ಇಂಗ್ಲಿಷಿನ 'ಬೈ', 'ಅನ್‌ಟಿಲ್'ಗಳೂ ಹಾಗೆಯೇ. ಜರ್ಮನಿಯಲ್ಲಿ ಈ ಎರಡಕ್ಕೂ 'ಬಿಸ್' ಎಂಬ ಒಂದೇ ಮಾತು. ಆದುದರಿಂದ ಜರ್ಮನರು ಇವೆರಡನ್ನು ಅದಲುಬದಲು ಮಾಡುವುದುಂಟು. 'ಜೂನ್ 10ಕ್ಕಿಂತ ತಡವಾಗದಂತೆ' ಎಂದು ಬರೆದರೆ ಯಾವ ಭಾಷೆಯವನಿಗೂ ಗೊಂದಲವಿಲ್ಲ. ತಿಂಗಳ ಹೆಸರನ್ನು ಅಕ್ಷರದಲ್ಲಿಯೇ ಬರೆಯಬೇಕು. 5/6 ಎಂಬುದು ಅಮೆರಿಕದವನಿಗೆ ಮೇ 6.

'ಡು ದ ನೀಡ್‌ಫುಲ್' ಎಂಬುದು ನಮ್ಮ ಕಚೇರಿಗಳ ಬಹುಕಾಲದ ಸಂಗಾತಿ. ಮಾಡಬೇಕಾದುದನ್ನು ಮಾಡಿರಿ ಎಂದರೇನೋ ಸರಿ, ಮಾಡಬೇಕಾದುದು ಯಾವುದು? ಎಷ್ಟು ಹಣ, ಯಾವ ದಿನ, ಯಾವ ಲೆಕ್ಕಕ್ಕೆ? ಅದನ್ನೇ ಹೇಳದಿದ್ದರೆ ವಿನಯ ಉಳಿದು ವಿಷಯ ಕಳೆದುಹೋಗುತ್ತದೆ. 'ರಿವರ್ಟ್' ಎಂದರೆ ನಮಗೆ ಉತ್ತರಿಸು. ಹೊರಗಿನವರಲ್ಲಿ ಬಹುಮಂದಿಗೆ ಹಿಂದಿನ ಸ್ಥಿತಿಗೆ ಮರಳು.

ಒಂದು ಮಾತಿಗೆ ಒಂದೇ ಅರ್ಥವಿರಬೇಕೆಂಬ ಈ ನಿಯಮವನ್ನು ಶಾಸ್ತ್ರವಾಗಿಯೇ ಬೆಳೆಸಿದವರು ವಿಮಾನಗಳನ್ನು ಕಟ್ಟುವವರು. ಗೋಕಾಕಕ್ಕೆ ನೆರೆಯ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಇಂದು ವಿಮಾನದ ಬಿಡಿಭಾಗಗಳು ತಯಾರಾಗಿ ಪರದೇಶಗಳಿಗೆ ಹೋಗುತ್ತವೆ. ವಿಮಾನವನ್ನು ರಿಪೇರಿ ಮಾಡುವವರೆಲ್ಲರ ತಾಯಿನುಡಿ ಇಂಗ್ಲಿಷ್ ಅಲ್ಲ. ಕೈಪಿಡಿಯ ಒಂದು ಮಾತು ತಪ್ಪಿ ತಿಳಿದರೆ ಹೋಗುವುದು ಜನರ ಪ್ರಾಣ. ಅದಕ್ಕಾಗಿ ಯುರೋಪಿನ ವಿಮಾನೋದ್ಯಮವು 1986ರಲ್ಲಿ ಒಂದು ಸರಳ ಇಂಗ್ಲಿಷಿನ ಕೈಪಿಡಿಯನ್ನು ಹೊರತಂದಿತು. ಅದರಲ್ಲಿ 'ಕ್ಲೋಸ್' ಎಂದರೆ ಮುಚ್ಚು ಎಂದಷ್ಟೆ. ಹತ್ತಿರ ಎಂಬ ಅರ್ಥದಲ್ಲಿ ಬಳಸಕೂಡದು. ಆರಂಭಿಸು ಎಂಬುದಕ್ಕೆ 'ಸ್ಟಾರ್ಟ್' ಒಂದೇ. 'ಬಿಗಿನ್', 'ಕಮೆನ್ಸ್'ಗಳಿಗೆ ಪ್ರವೇಶವಿಲ್ಲ. ಕೆಲಸವನ್ನು ವಿಧಿಸುವ ವಾಕ್ಯವು 20 ಶಬ್ದಗಳನ್ನು ಮೀರಕೂಡದು. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಒಂದೇ ಶಬ್ದವನ್ನು ಮತ್ತೆ ಮತ್ತೆ ಬಳಸಬಾರದೆಂದು ಕಲಿಸುತ್ತಾರೆ. ಇಲ್ಲಿ ಆ ಪಾಠವನ್ನು ಮರೆಯಬೇಕು. ಮೊದಲ ಸಾಲಿನ 'ಬಾಕ್ಸ್' ಮುಂದೆ 'ಕಾರ್ಟನ್' ಆದರೆ, ಓದುವವನು ಎರಡು ಬೇರೆ ವಸ್ತುಗಳೆಂದು ತಿಳಿದಾನು.

ಹೀಗೆ ತಿದ್ದಿದ ಕಾಗದವು ಹೆಚ್ಚು ಉದ್ದವಾಗಲಾರದು. ತಿನಿಸು ಏನೆಂಬುದಕ್ಕೆ ಒಂದು ಸಾಲು, ಪದಾರ್ಥಗಳನ್ನು ಒಂದೊಂದಾಗಿ ಹೇಳುವ ಪಟ್ಟಿ, ಅದರಲ್ಲಿ ಗೋಡಂಬಿ, ಬಾದಾಮಿ, ಹಾಲಿನ ಕೊಬ್ಬುಗಳು ಪ್ರತ್ಯೇಕವಾಗಿ, ತೂಕ, ಬೆಲೆ, ಮುಂಗಡದ ಮೊತ್ತ ಮತ್ತು ದಿನ. ಕ್ಷೇಮಸಮಾಚಾರದ ಎರಡು ಮಾತು ಮೇಲೆಯೂ ಕೆಳಗೂ ಇದ್ದರೆ ಸರಳತೆಗೆ ಕುಂದಿಲ್ಲ.

ಕಳುಹಿಸುವ ಮೊದಲು ಒಂದು ಪರೀಕ್ಷೆ ಸಾಧ್ಯವಿದೆ. ಈ ವ್ಯಾಪಾರದ ಗಂಧವಿಲ್ಲದ ಒಬ್ಬರ ಕೈಗೆ ಕಾಗದವನ್ನು ಕೊಟ್ಟು ಕನ್ನಡಕ್ಕೆ ತಿರುಗಿಸಿರೆಂದು ಕೇಳಬೇಕು. ಅವರು ಎಲ್ಲಿ ನಿಂತು, 'ಇದು ಹೀಗೋ ಹಾಗೋ?' ಎನ್ನುವರೋ ಅಲ್ಲಿಯೇ ದೋಷ. ಕಳುಹಿಸಿದ ಮೇಲೆ, 'ತಿಳಿಯಿತೆ?' ಎಂದು ಗಿರಾಕಿಯನ್ನು ಕೇಳಿ ಫಲವಿಲ್ಲ. ತಿಳಿಯಲಿಲ್ಲವೆನ್ನಲು ಯಾರಿಗಾದರೂ ಸಂಕೋಚ. 'ನೀವು ಕೊಳ್ಳುವ ತೂಕ, ಬೆಲೆ, ದಿನಗಳನ್ನು ನಿಮ್ಮ ಮಾತಿನಲ್ಲಿ ಬರೆದು ಕಳುಹಿಸಿರಿ' ಎಂದು ಕೇಳಿದರೆ ತಪ್ಪು ತಾನಾಗಿ ಹೊರಬೀಳುತ್ತದೆ.

ಇಷ್ಟಾದರೂ ಸರಳವಾದ ಮಾತು ಎಲ್ಲವನ್ನೂ ಸಾಧಿಸದು. ಹಾಲು, ಬೆಣ್ಣೆ ಸೇರಿದ ತಿನಿಸುಗಳು ಯುರೋಪನ್ನು ಪ್ರವೇಶಿಸಲು ಬೇರೆ ನಿಬಂಧನೆಗಳುಂಟು. ಒಳ್ಳೆಯ ಒಕ್ಕಣೆಯಿಂದ ಅವು ಸಡಿಲವಾಗುವುದಿಲ್ಲ. ಆದರೆ 'ಘೀ' ಎಂಬ ಅರಿಯದ ಮಾತಿನ ಹಿಂದೆ ಹಾಲು ಮರೆಯಾಗಿದ್ದರೆ, ಅದು ಬಯಲಾಗುವುದು ಸರಕು ಬಂದರಿನಲ್ಲಿ ನಿಂತ ಮೇಲೆ. ಮೊದಲ ಕಾಗದದಲ್ಲಿಯೇ ಬಿಡಿಸಿ ಹೇಳಿದ್ದರೆ, ಪೆಟ್ಟಿಗೆ ಕಟ್ಟುವ ಮೊದಲೇ ಅಂಗಡಿಕಾರನು ವಿಚಾರಿಸಿ ತಿಳಿಸುತ್ತಿದ್ದನು.