ಮಾಳಿಗೆ ಮನೆಯನ್ನೊಮ್ಮೆ ಅಳೆದು ನೋಡಿ



ಪ್ರತಿವರ್ಷ ನವೆಂಬರ್ 19ರಿಂದ 25ರವರೆಗೆ ನಾವು ಪರಂಪರೆ ಸಪ್ತಾಹ ಆಚರಿಸುತ್ತೇವೆ. ಈ ದಿನಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಮಾತು ಬಂದರೆ ಎಲ್ಲರೂ ಮೊದಲು ಕೋಟೆಯ ಹೆಸರು ಹೇಳುತ್ತಾರೆ. ಇತಿಹಾಸ ಓದಿಕೊಂಡವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ನೆನೆಯುತ್ತಾರೆ. ಅಲ್ಲಿ ಅಶೋಕನ ಶಾಸನವಿದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ್ದೂ ಅಲ್ಲಿಯೇ. ಇಂಥ ಜಾಗಗಳನ್ನು ನೋಡಿಕೊಳ್ಳಲು ಇಲಾಖೆಯಿದೆ, ಕಾನೂನಿದೆ. ನಾನು ಇಂದು ವಿದ್ಯಾರ್ಥಿಗಳಾದ ನಿಮ್ಮ ಮುಂದಿಡುವುದು ಫಲಕವಿಲ್ಲದ, ಕಾವಲಿಲ್ಲದ ಒಂದು ಕಟ್ಟಡವನ್ನು.

ನಿಮ್ಮಲ್ಲಿ ಕೆಲವರು ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋಗಿರುತ್ತೀರಿ. ಜಾತ್ರೆಯ ಜನಸಾಗರದಲ್ಲಿ ಊರಿನ ಮನೆಗಳು ಕಣ್ಣಿಗೆ ಬೀಳುವುದಿಲ್ಲ. ಜಾತ್ರೆಯಿಲ್ಲದ ದಿನ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಗಳ ಒಳಗೇರಿಯಲ್ಲಿ ನಡೆದು ನೋಡಿ. ಆರ್‌ಸಿಸಿ ಮನೆಗಳ ನಡುವೆ ಅಲ್ಲಲ್ಲಿ ಹಳೆಯ ಮಣ್ಣಿನ ಮಾಳಿಗೆ ಮನೆಗಳು ಉಳಿದಿವೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಸಣ್ಣ ಬಾಗಿಲು, ಚಪ್ಪಟೆ ಮಾಳಿಗೆ. ನೋಡಲು ವಿಶೇಷವೇನೂ ಇಲ್ಲ ಅನ್ನಿಸಬಹುದು. ದಯವಿಟ್ಟು ಒಳಗೆ ಹೋಗಿ, ತಲೆಯೆತ್ತಿ ನೋಡಿ.

ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆಗಳು. ಜಂತೆಗಳ ಮೇಲೆ ಸೀಳಿದ ಕಟ್ಟಿಗೆಯನ್ನೋ ತೆಳು ಕಲ್ಲುಹಾಸನ್ನೋ ಒತ್ತೊತ್ತಾಗಿ ಹಾಸಿರುತ್ತಾರೆ. ಅದರ ಮೇಲೆ ಸೊಪ್ಪಿನ ಹಾಸು, ಆಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಎಲ್ಲಕ್ಕಿಂತ ಮೇಲೆ ಒಂದು ತೆಳುವಾದ ಪದರ ಕರಲು ಮಣ್ಣು. ಕೆಲವು ಕಡೆ ಸವುಳು ಮಣ್ಣು ಎನ್ನುತ್ತಾರೆ. ಬೆಳೆ ಬಾರದ ನೆಲದಿಂದ ಹೊತ್ತು ತಂದ ಮಣ್ಣು ಅದು.

ಬೆಳೆಗೆ ಬೇಡವಾದ ಮಣ್ಣು ಮಾಳಿಗೆಗೆ ಏಕೆ ಬೇಕಾಯಿತು? ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಮಳೆನೀರು ತಾಗಿದಾಗ ಜೇಡಿಯ ಸೂಕ್ಷ್ಮ ಕಣಗಳು ಒಂದರಿಂದೊಂದು ಬಿಡಿಸಿಕೊಂಡು, ಮಣ್ಣಿನ ರಂಧ್ರಗಳಲ್ಲಿ ಕೂತು ಅವನ್ನು ಮುಚ್ಚುತ್ತವೆ. ನೀರು ಕೆಳಗಿಳಿಯಲಾರದೆ ಇಳಿಜಾರಿಗೆ ಹರಿದು ದೋಣಿಯಿಂದ ಹೊರಬೀಳುತ್ತದೆ. ಹೊಲದಲ್ಲಿ ಬೇರಿಗೆ ನೀರು ತಲುಪದಂತೆ ಮಾಡುವ ಗುಣವೇ ಇಲ್ಲಿ ಮನೆಯನ್ನು ಕಾಯುತ್ತದೆ. ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಗೆ ಈ ಮಾಳಿಗೆ ಚೆನ್ನಾಗಿ ಒಗ್ಗಿತು. ಇದನ್ನೇ ಮಲೆನಾಡಿಗೆ ಒಯ್ದರೆ ಒಂದು ಮಳೆಗಾಲವನ್ನೂ ತಡೆಯಲಾರದು. ಇದು ಈ ನೆಲಕ್ಕೆ, ಈ ಮಳೆಗೆ ಲೆಕ್ಕ ಹಾಕಿ ಕಟ್ಟಿದ ಮನೆ. ಆ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಮಾಳಿಗೆ ಸೋರುವುದಿಲ್ಲವೇ ಎಂದು ನೀವು ಕೇಳಬಹುದು. ಸೋರುತ್ತದೆ. ಮಳೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುವುದರಿಂದ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಲೇಬೇಕು. ಹಳೆಯ ಸಡಿಲ ಮಣ್ಣನ್ನು ಕೆರೆದು ತೆಗೆದು ಆಮೇಲೆ ಹೊಸದನ್ನು ಹಾಕುವುದು ಸರಿಯಾದ ಕ್ರಮ. ಕೆಲಸದವರು ಸಿಗದೆ, ತೆಗೆಯುವ ಕೆಲಸ ಬಿಟ್ಟುಹೋಗಿ ಹಾಕುವ ಕೆಲಸ ಮಾತ್ರ ಉಳಿದಲ್ಲಿ ತೊಂದರೆ ಶುರುವಾಗುತ್ತದೆ.

ಒಂದು ಲೆಕ್ಕ ಮಾಡೋಣ. ಆರು ಮೀಟರ್ ಉದ್ದ, ಐದು ಮೀಟರ್ ಅಗಲದ ಪಡಸಾಲೆ ಎಂದುಕೊಳ್ಳಿ. ಅದರ ಮಾಳಿಗೆ 30 ಚದರ ಮೀಟರ್. ಒಂದು ಸೆಂಟಿಮೀಟರ್ ಮಣ್ಣು ಹೆಚ್ಚಾದರೆ ಸುಮಾರು 480 ಕೆ.ಜಿ. ಭಾರ ಕೂಡುತ್ತದೆ. ವರ್ಷಕ್ಕೆ ಅಷ್ಟೇ ಎಂದರೂ ಇಪ್ಪತ್ತು ವರ್ಷಕ್ಕೆ ಹತ್ತಿರ ಹತ್ತಿರ 10 ಟನ್. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ತೊಲೆ ನಡುವಿನಲ್ಲಿ ಬಾಗುತ್ತದೆ. ಮಾಳಿಗೆಯ ನಡುಭಾಗ ತಗ್ಗಾಗಿ ನೀರು ದೋಣಿಯ ಕಡೆಗೆ ಹೋಗದೆ ಅಲ್ಲೇ ನಿಲ್ಲುತ್ತದೆ. ಸೋರಿಕೆ ಕಂಡ ಮನೆಯವರು ಇನ್ನೊಂದು ಪುಟ್ಟಿ ಮಣ್ಣು ಸುರಿಯುತ್ತಾರೆ. ಮನೆಗೆ ವಯಸ್ಸಾಯಿತು, ಕೆಡವಬೇಕು ಎಂಬ ಮಾತು ಆಗ ಬರುತ್ತದೆ. ಎಷ್ಟೋ ಮನೆಗಳಿಗೆ ಬೇಕಾದದ್ದು ಭಾರ ಇಳಿಸುವ ಎರಡು ಮೂರು ದಿನದ ಕೆಲಸ, ತೊಲೆಯ ಕೆಳಗೆ ಒಂದು ಕಂಬ.

ಇನ್ನೊಂದು ತೊಂದರೆ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಮನೆ ಗಟ್ಟಿಯಾಗಲಿ ಎಂದು ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿಸುತ್ತಾರೆ. ನೆಲದಿಂದ ಗೋಡೆಗೆ ತೇವ ಏರುತ್ತಲೇ ಇರುತ್ತದೆ. ಮಣ್ಣಿನ ಗಾರೆಯಿದ್ದಾಗ ಆ ತೇವ ಆರಿಹೋಗುತ್ತಿತ್ತು. ಸಿಮೆಂಟ್ ಅದಕ್ಕೆ ಅಡ್ಡ ನಿಲ್ಲುತ್ತದೆ. ತೇವ ಇನ್ನೂ ಮೇಲಕ್ಕೇರಿ, ಗೋಡೆಯೊಳಗೆ ಕೂತ ತೊಲೆಯ ತುದಿಯನ್ನು ಕೊಳೆಸಬಹುದು, ಗೆದ್ದಲನ್ನು ಕರೆಯಬಹುದು. ಇದನ್ನು ಕಂಡುಹಿಡಿಯಲು ದೊಡ್ಡ ಉಪಕರಣ ಬೇಡ. ಬೆರಳಿನ ಗೆಣ್ಣಿನಿಂದ ಗಾರೆಯನ್ನು ತಟ್ಟಿ. ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಎಷ್ಟು ಎತ್ತರದವರೆಗೆ ಕಾಣುತ್ತದೆ, ಗುರುತು ಹಾಕಿಕೊಳ್ಳಿ. ತೊಲೆ ಗೋಡೆ ಸೇರುವಲ್ಲಿ, ಮನೆಯವರನ್ನು ಕೇಳಿ, ಒಂದು ಮೊಳೆಯನ್ನು ಮೆಲ್ಲಗೆ ಒತ್ತಿ ನೋಡಿ. ಸಲೀಸಾಗಿ ಒಳಗಿಳಿದರೆ ಮರ ಕೆಟ್ಟಿದೆ. ಆಗಲೂ ಇಡೀ ತೊಲೆ ಬದಲಿಸಬೇಕೆಂದಿಲ್ಲ. ಕೆಟ್ಟ ತುದಿಯನ್ನು ಮಾತ್ರ ಕತ್ತರಿಸಿ ಹೊಸ ತುಂಡನ್ನು ಬೆಸೆಯುವ ಬಡಗಿಗಳು ನಮ್ಮಲ್ಲಿ ಇನ್ನೂ ಇದ್ದಾರೆ.

ಈ ಮನೆಗಳನ್ನು ಕಾನೂನು ಕಾಯಲಾರದು. 1958ರ ಕೇಂದ್ರ ಕಾಯ್ದೆ ಪ್ರಾಚೀನ ಸ್ಮಾರಕಕ್ಕೆ ನೂರು ವರ್ಷದ ವಯಸ್ಸು ಕೇಳುತ್ತದೆ. ಮಾಳಿಗೆ ಮನೆಗೆ ನೂರು ತುಂಬಿದ್ದರೂ ಅದಕ್ಕೆ ದಾಖಲೆಯಿರುವುದು ಅಪರೂಪ. ವಸತಿಯ ಲೆಕ್ಕದಲ್ಲಿ ಮಣ್ಣಿನ ಮಾಳಿಗೆ ‘ಕಚ್ಚಾ’ ಎನಿಸಿಕೊಳ್ಳುತ್ತದೆ. ಹೀಗಿರುವಾಗ ಅದರಲ್ಲಿ ವಾಸಿಸುವವರು ಆರ್‌ಸಿಸಿ ಮನೆ ಬಯಸಿದರೆ ಅದು ಖಂಡಿತ ತಪ್ಪಲ್ಲ. ಸೋರುವ ಮನೆಯಲ್ಲೇ ಇರಿ ಎಂದು ಅವರಿಗೆ ಹೇಳುವ ಹಕ್ಕು ನನಗಾಗಲಿ ನಿಮಗಾಗಲಿ ಇಲ್ಲ. ಸೋರದಂತೆ ಮಾಡುವ ದಾರಿಯನ್ನು ತೋರಿಸುವ ವಿದ್ಯೆ ಮಾತ್ರ ನಿಮ್ಮ ಕೈಯಲ್ಲಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಮನವಿ ಇಷ್ಟು. ಈ ವಾರ ನೀವು ಮೂರು ನಾಲ್ಕು ಮಂದಿ ಕೂಡಿ ಒಂದೇ ಒಂದು ಹಳೆಯ ಮನೆಯನ್ನು ಆರಿಸಿಕೊಳ್ಳಿ. ನಿಮ್ಮ ಅಜ್ಜಿಯ ಮನೆಯಾದರೂ ಸರಿ. ಮನೆಯವರ ಒಪ್ಪಿಗೆ ಪಡೆದು ಅಳತೆ ಮಾಡಿ. ಹಳೆಯ ಕೋಣೆಗಳ ಮೂಲೆ ನೇರವಾಗಿರುವುದಿಲ್ಲ, ಹಾಗಾಗಿ ನಾಲ್ಕು ಗೋಡೆಯ ಜೊತೆಗೆ ಎರಡು ಕರ್ಣಗಳನ್ನೂ ಅಳೆಯಿರಿ. ನಕ್ಷೆಯಷ್ಟೇ ಬರೆದು ಬಿಡಬೇಡಿ. ಈ ಮನೆಯ ಜಾಣ್ಮೆ ಇರುವುದು ಸೆಕ್ಷನ್‌ನಲ್ಲಿ. ಜಂತೆಯಿಂದ ಕರಲು ಮಣ್ಣಿನವರೆಗೆ ಒಂದೊಂದು ಪದರದ ದಪ್ಪವನ್ನೂ ಅದರಲ್ಲಿ ತೋರಿಸಿ. ಗವಾಕ್ಷಿ ಎಲ್ಲಿದೆ, ಅದರ ಬೆಳಕು ಮಧ್ಯಾಹ್ನ ಎಲ್ಲಿ ಬೀಳುತ್ತದೆ, ಗುರುತಿಸಿ. ತೊಲೆ ಯಾವ ಮರದ್ದು, ಕರಲು ಮಣ್ಣು ಯಾವ ಕಡೆಯಿಂದ ಬರುತ್ತಿತ್ತು, ಯಾವ ಸೊಪ್ಪು ಹಾಸಿದ್ದರು ಎಂದು ಹಿರಿಯರನ್ನು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಮಾಳಿಗೆ ಹತ್ತುವ ಮೊದಲು ಅದು ನಿಮ್ಮ ಭಾರ ತಡೆಯುತ್ತದೆಯೇ ಎಂದು ಮನೆಯವರನ್ನು ವಿಚಾರಿಸಿ.

ಚಿತ್ರ ಸಿದ್ಧವಾದ ಮೇಲೆ ಒಂದು ಪ್ರತಿ ಕಾಲೇಜಿಗೆ ಕೊಡಿ, ಒಂದು ಪ್ರತಿ ಮನೆಯವರಿಗೆ ಕೊಡಿ. ತೊಲೆ ಎಲ್ಲಿ ಕೆಟ್ಟಿದೆ, ಎಷ್ಟು ಮಣ್ಣು ಇಳಿಸಬೇಕು ಎಂಬುದನ್ನು ಅದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿರಲಿ. ಹೊರಡುವಾಗ ಆ ಊರಿನಲ್ಲಿ ಮಾಳಿಗೆಗೆ ಮಣ್ಣು ಹಾಕುವವರು ಯಾರೆಂದು ಕೇಳಿಕೊಂಡು, ಮುಂದಿನ ಮೇ ತಿಂಗಳಲ್ಲಿ ನಾವೂ ಜೊತೆಗೆ ಬರುತ್ತೇವೆ ಎಂದು ಅವರಿಗೆ ಹೇಳಿ ಬನ್ನಿ.